ನಾಲ್ಕು ನೋಡ್, ಐದು ಸುತ್ತು: ಪ್ಲೇಟಿನ ತಾಪಮಾನವನ್ನು ಗಾಸ್-ಸೈಡೆಲ್‌ನಲ್ಲಿ ಕೈಲೆಕ್ಕ ಮಾಡುವುದು ಹೇಗೆ

ಬಳ್ಳಾರಿಯಲ್ಲಿ ಸಂಜೆ ಹೊತ್ತು ಮೆಕ್ಯಾನಿಕಲ್ ಹುಡುಗರಿಗೆ ಟ್ಯೂಷನ್ ಹೇಳುತ್ತೇನೆ. ಶಾಖ ವರ್ಗಾವಣೆಯ ಪೇಪರಿನಲ್ಲಿ ಈ ಒಂದು ಲೆಕ್ಕ ಬಂದರೆ ಸಾಕು, ಪ್ರತಿ ವರ್ಷ ಅದೇ ತಪ್ಪು, ಅದೇ ಜಾಗದಲ್ಲಿ. ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೂ ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಒಬ್ಬರ ಉತ್ತರ ಒಬ್ಬರಿಗೆ ಹೊಂದುವುದಿಲ್ಲ. ಯಾವಾಗ ನಿಲ್ಲಿಸಬೇಕು ಅಂತ ಕೇಳಿದರೆ "ಸರ್, ಬೆಲೆ ಅಷ್ಟೇನೂ ಬದಲಾಗ್ತಿಲ್ಲ, ಅದಕ್ಕೇ ನಿಲ್ಲಿಸಿದೆ" ಅನ್ನುತ್ತಾರೆ. ಆ 'ಅಷ್ಟೇನೂ' ಅನ್ನುವುದರಲ್ಲೇ ಎಡವಟ್ಟು ಇರೋದು.

ಒಂದೇ ಲೆಕ್ಕ ಹಿಡಿದು ಮೊದಲಿಂದ ಕೊನೆಯವರೆಗೆ ಮಾಡೋಣ. ಪೆನ್ನು ಹಿಡಿದು ಜೊತೆಗೇ ಬರೆಯಿರಿ, ಸುಮ್ನೆ ಓದಿಕೊಂಡು ಹೋದರೆ ಇದು ಕೈಗೆ ಹತ್ತುವುದಿಲ್ಲ.

## ಬೇಕಾಗುವ ಸಾಮಾನು

ಗೆರೆ ಹಾಕಿದ ಒಂದು ಪೂರ್ತಿ ಹಾಳೆ, ಅಡ್ಡಡ್ಡ ಇಟ್ಟುಕೊಂಡದ್ದು. ಮೆಮೊರಿ ಇರುವ ಸೈಂಟಿಫಿಕ್ ಕ್ಯಾಲ್ಕುಲೇಟರ್. ಪೆನ್ಸಿಲ್ ಬೇಡ, ಪೆನ್ನೇ ಇರಲಿ. ಅಳಿಸಿ ಬರೆದರೆ ಹಳೆಯ ಬೆಲೆ ಮಾಯವಾಗುತ್ತದೆ, ಆಮೇಲೆ ಎರಡು ಸುತ್ತಿನ ನಡುವೆ ಎಷ್ಟು ಬದಲಾಯಿತು ಅಂತ ನೋಡಲು ಏನೂ ಉಳಿಯುವುದಿಲ್ಲ.

ಕ್ಯಾಲ್ಕುಲೇಟರಿನ ಮೆಮೊರಿ A, B, C, D ಗಳಲ್ಲಿ ನಾಲ್ಕು ನೋಡ್‌ಗಳ ಬೆಲೆ ಇಟ್ಟುಕೊಳ್ಳಿ. ಹೊಸ ಬೆಲೆ ಬಂದ ತಕ್ಷಣ ಅದೇ ಅಕ್ಷರದ ಮೇಲೆ ಸೇವ್ ಮಾಡಿ. ಹಾಳೆಯಲ್ಲಿ ಎರಡು ದಶಮಾಂಶ ಬರೆದರೂ ಕ್ಯಾಲ್ಕುಲೇಟರಿನಲ್ಲಿ ಪೂರ್ತಿ ಸಂಖ್ಯೆ ಇರುತ್ತದೆ. ಇದು ಯಾಕೆ ಮುಖ್ಯ ಅಂತ ಕೆಳಗೆ ಗೊತ್ತಾಗುತ್ತದೆ.

## ನಮ್ಮ ಲೆಕ್ಕ

300 ಮಿ.ಮೀ. ಚೌಕದ ತೆಳುವಾದ ಪ್ಲೇಟ್. ಮೇಲಿನ ಅಂಚು 400°C, ಎಡ ಅಂಚು 200°C, ಕೆಳ ಅಂಚು 100°C. ಬಲ ಅಂಚು 40°C. ನಮ್ಮ ಏಪ್ರಿಲ್ ಮಧ್ಯಾಹ್ನದ ಗಾಳಿಗೆ ಈ ನಲವತ್ತೇನೂ ಜಾಸ್ತಿ ಅಲ್ಲ ಬಿಡಿ. ಪ್ಲೇಟಿನ ಮುಂದಿನ, ಹಿಂದಿನ ಮುಖಗಳು ಇನ್ಸುಲೇಟ್ ಆಗಿವೆ, ಒಳಗೆ ಶಾಖ ಹುಟ್ಟುತ್ತಿಲ್ಲ, ತಾಪಮಾನ ಕಾಲದ ಜೊತೆ ಬದಲಾಗುತ್ತಿಲ್ಲ. ಎರಡೂ ದಿಕ್ಕಿನಲ್ಲಿ 100 ಮಿ.ಮೀ.ಗೆ ಒಂದು ಗೆರೆ ಎಳೆದರೆ ಒಳಗೆ ನಾಲ್ಕು ನೋಡ್ ಸಿಗುತ್ತವೆ.

```
        400    400
200 --  T1 --- T2  -- 40
        |      |
200 --  T3 --- T4  -- 40
        100    100
```

## ಹಂತ 1: ಚಿತ್ರ ಮೊದಲು, ಸಮೀಕರಣ ಆಮೇಲೆ

ಮೇಲಿನ ಚಿತ್ರವನ್ನು ಹಾಳೆಯ ಎಡ ಮೂಲೆಯಲ್ಲಿ ಅಂಗೈ ಅಗಲ ಬಿಡಿಸಿ. ಪ್ರತಿ ನೋಡ್‌ನ ನಾಲ್ಕೂ ಕಡೆ ಏನಿದೆ ಅಂತ ಚಿತ್ರದಲ್ಲೇ ಕಾಣಬೇಕು. ಎಷ್ಟೋ ಜನ ಪುಸ್ತಕದ ನಂಬರಿಂಗ್ ನೆನಪಿಟ್ಟುಕೊಂಡು ನೇರವಾಗಿ ಸಮೀಕರಣ ಬರೆಯುತ್ತಾರೆ. ಆದರೆ ಪ್ರಶ್ನೆಪತ್ರಿಕೆಯಲ್ಲಿ ನಂಬರು ಗಡಿಯಾರದ ಸುತ್ತಿನಂತೆ ಹೋಗಿರುತ್ತದೆ, ಅಂದರೆ ಬಲಗಡೆ ಕೆಳಗಿರುವುದು 3, ಎಡಗಡೆ ಕೆಳಗಿರುವುದು 4. ಅಲ್ಲಿಗೆ ಎರಡು ಸಮೀಕರಣ ಅದಲುಬದಲು.

ಮೂಲೆಗಳನ್ನು ಮರೆತುಬಿಡಿ. ಮೇಲಿನ ಬಲ ಮೂಲೆ 400ಆ, 40ಆ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾಲ್ಕೂ ಅಂಚಿನ ತಾಪಮಾನ ಗೊತ್ತಿದ್ದಾಗ ಯಾವ ಒಳ ನೋಡ್‌ನ ಸಮೀಕರಣದಲ್ಲೂ ಮೂಲೆ ಬರುವುದೇ ಇಲ್ಲ.

## ಹಂತ 2: ಪ್ರತಿ ನೋಡ್‌ಗೆ ಅದರದೇ ಸಮೀಕರಣ

ಗ್ರಿಡ್ ಚೌಕವಾಗಿದ್ದಾಗ ಒಳ ನೋಡ್‌ನ ತಾಪಮಾನ ಅಂದರೆ ಅಕ್ಕಪಕ್ಕ, ಮೇಲೆ ಕೆಳಗೆ ಇರುವ ನಾಲ್ಕರ ಸರಾಸರಿ, ಅಷ್ಟೇ. ಗೊತ್ತಿರುವ ಅಂಚಿನ ಬೆಲೆಗಳನ್ನು ಮೊದಲೇ ಕೂಡಿ 4ರಿಂದ ಭಾಗಿಸಿಟ್ಟರೆ ಪ್ರತಿ ಸುತ್ತಿನಲ್ಲೂ ಕೆಲಸ ಕಮ್ಮಿಯಾಗುತ್ತದೆ.

```
T1 = (400 + 200 + T2 + T3)/4 = 150 + (T2 + T3)/4
T2 = (400 +  40 + T1 + T4)/4 = 110 + (T1 + T4)/4
T3 = (200 + 100 + T1 + T4)/4 =  75 + (T1 + T4)/4
T4 = (100 +  40 + T2 + T3)/4 =  35 + (T2 + T3)/4
```

ಇಲ್ಲಿ ಎರಡು ನಿಮಿಷ ನಿಲ್ಲಿ. ಸುತ್ತು ಹಾಕುವಾಗ ಒಂದು ಕೂಡಿಸುವ ತಪ್ಪಾದರೆ ಮುಂದಿನ ಸುತ್ತುಗಳು ಅದನ್ನು ತಾವೇ ತೊಳೆದುಹಾಕುತ್ತವೆ. ಆದರೆ 110ರ ಬದಲು 100 ಅಂತ ಬರೆದಿದ್ದರೆ ಯಾವ ಸುತ್ತೂ ಅದನ್ನು ಸರಿಮಾಡುವುದಿಲ್ಲ. ಲೆಕ್ಕ ಬಹಳ ಶಾಂತವಾಗಿ, ಚೆಂದವಾಗಿ ತಪ್ಪು ಉತ್ತರಕ್ಕೆ ಹೋಗಿ ಕೂತುಕೊಳ್ಳುತ್ತದೆ. ಆದ್ದರಿಂದ ಸಮೀಕರಣಗಳನ್ನು ಚಿತ್ರದ ಜೊತೆ ಇನ್ನೊಮ್ಮೆ ಬೆರಳಿಟ್ಟು ನೋಡಿ.

ಇನ್ನೊಂದು ಎಚ್ಚರಿಕೆ. 1ನೇ ನೋಡ್‌ನ ಸಮೀಕರಣದಿಂದ T1 ಅನ್ನೇ ಬಿಡಿಸಿಕೊಳ್ಳಬೇಕು, 2ನೇದರಿಂದ T2 ಅನ್ನೇ. ಸಮೀಕರಣಗಳನ್ನು ಆಚೀಚೆ ಮಾಡಿಕೊಂಡು 2ನೇ ನೋಡ್‌ನದರಿಂದ T1, 1ನೇದರಿಂದ T2 ತೆಗೆದರೆ ಏನಾಗುತ್ತದೆ ನೋಡಿ.

```
T1 = 4*T2 - T4 - 440
T2 = 4*T1 - T3 - 600
```

ಬೀಜಗಣಿತದ ಪ್ರಕಾರ ಇದೂ ಸರಿಯೇ. ಆದರೆ ಎಲ್ಲ 200 ಅಂತ ಶುರು ಮಾಡಿದರೆ ಮೊದಲ ಸುತ್ತಿನಲ್ಲೇ T1 = 160, T2 = −160 ಬರುತ್ತದೆ. ಎರಡನೇ ಸುತ್ತಿನಲ್ಲಿ T1 = −1116. ಲೋಕದಲ್ಲಿ −273°Cಗಿಂತ ಕೆಳಗೆ ತಾಪಮಾನವೇ ಇಲ್ಲ, ಈ ಪ್ಲೇಟ್ ಎಲ್ಲಿಗೋ ಇಳಿದುಹೋಯಿತು! ಯಾವ ಬೆಲೆಯನ್ನು ಬಿಡಿಸುತ್ತೀರೋ ಅದರ ಮುಂದೆಯೇ ಆ ಸಮೀಕರಣದ ದೊಡ್ಡ ಗುಣಾಂಕ, ಅಂದರೆ 4, ಇರಬೇಕು. 4ರಿಂದ ಭಾಗಿಸುತ್ತಿದ್ದರೆ ತಪ್ಪು ಪ್ರತಿ ಸುತ್ತಿಗೆ ಕುಗ್ಗುತ್ತದೆ, 4ರಿಂದ ಗುಣಿಸುತ್ತಿದ್ದರೆ ಉಬ್ಬುತ್ತದೆ.

## ಹಂತ 3: ಶುರುವಿಗೆ ಒಂದು ಊಹೆ

ಊಹೆ ಏನಿದ್ದರೂ ನಡೆಯುತ್ತದೆ, ಸೊನ್ನೆ ಇಟ್ಟರೂ ಕೊನೆಗೆ ಅದೇ ಉತ್ತರ. ಆದರೆ ಅಂಚುಗಳ ಅತಿ ಕಡಿಮೆ ಮತ್ತು ಅತಿ ಹೆಚ್ಚು ತಾಪಮಾನದ ಒಳಗೇ ಊಹೆ ಇಟ್ಟುಕೊಳ್ಳಿ. ಇಲ್ಲಿ 40ರಿಂದ 400ರ ಒಳಗೆ. ಹೀಗೆ ಇಟ್ಟರೆ ಒಂದು ಪುಕ್ಕಟೆ ಪರೀಕ್ಷೆ ಸಿಗುತ್ತದೆ. ಪ್ರತಿ ಹೊಸ ಬೆಲೆಯೂ ನಾಲ್ಕರ ಸರಾಸರಿ ತಾನೇ, ಹಾಗಾಗಿ ಅದು ಈ ಗಡಿಯ ಆಚೆ ಹೋಗಲು ಸಾಧ್ಯವೇ ಇಲ್ಲ. ಯಾವುದೇ ಸುತ್ತಿನಲ್ಲಿ 412 ಅಂತಲೋ 38 ಅಂತಲೋ ಬಂದರೆ ಮುಂದೆ ಹೋಗಬೇಡಿ, ಅಲ್ಲೇ ತಪ್ಪಾಗಿದೆ.

ನಾವು ನಾಲ್ಕಕ್ಕೂ 200 ಇಟ್ಟುಕೊಳ್ಳೋಣ.

## ಹಂತ 4: ಮೊದಲ ಸುತ್ತು, ನಿಧಾನವಾಗಿ

ಹೆಚ್ಚಿನವರು ಜಾರುವುದು ಇಲ್ಲೇ, ಹಾಗಾಗಿ ಒಂದೊಂದೇ ಮಾಡೋಣ.

1ನೇ ನೋಡ್: ಬಲಗಡೆ 200, ಕೆಳಗೆ 200, ಎರಡೂ ಊಹೆ. T1 = 150 + 400/4 = 250. ತಕ್ಷಣ A ಮೆಮೊರಿಗೆ ಹಾಕಿ.

2ನೇ ನೋಡ್: ಇಲ್ಲಿ T1 ಬೇಕು. ಹಳೆಯ 200 ಅಲ್ಲ, ಈಗ ತಾನೇ ಬಂದ 250. T4 ಇನ್ನೂ ಊಹೆಯ 200. T2 = 110 + (250 + 200)/4 = 222.5.

3ನೇ ನೋಡ್: ಅದೇ ಜೋಡಿ. T3 = 75 + 450/4 = 187.5.

4ನೇ ನೋಡ್: T2, T3 ಎರಡೂ ಹೊಸವು. T4 = 35 + (222.5 + 187.5)/4 = 137.5.

ಹಳೆಯ ಸಾಲಿನ ಬೆಲೆಗಳನ್ನೇ ಪೂರ್ತಿ ಬಳಸಿ, ಸುತ್ತು ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಅದು ಗಾಸ್-ಸೈಡೆಲ್ ಅಲ್ಲ, ಯಾಕೋಬಿ ವಿಧಾನ. ತಮಾಷೆ ಏನಂದರೆ ಈ ಲೆಕ್ಕದಲ್ಲಿ ಯಾಕೋಬಿಯಿಂದ ಮೊದಲ ಸುತ್ತಿಗೆ T2 = 210 ಬರುತ್ತದೆ, ನಮ್ಮ 222.5ಗಿಂತ ಸರಿ ಉತ್ತರಕ್ಕೆ ಹತ್ತಿರ! ಅದಕ್ಕೇ ಮೊದಲ ಸುತ್ತು ನೋಡಿ ಯಾವ ವಿಧಾನ ಮಾಡುತ್ತಿದ್ದೀರಿ ಅಂತ ಹೇಳಲಾಗುವುದಿಲ್ಲ. ಮುಂದಿನ ಸುತ್ತುಗಳಲ್ಲಿ ಬಣ್ಣ ಬಯಲಾಗುತ್ತದೆ.

ಸಿರುಗುಪ್ಪದಿಂದ ಬಸ್ಸಿನಲ್ಲಿ ಬರುವ ಒಬ್ಬಳು ಹುಡುಗಿ ಇದಕ್ಕೆ ಒಳ್ಳೆ ಉಪಾಯ ಮಾಡಿಕೊಂಡಿದ್ದಾಳೆ. ಹೊಸ ಬೆಲೆ ಬರೆದ ಕೂಡಲೇ ಅದರ ಮೇಲಿನ ಸಾಲಿನ ಹಳೆ ಬೆಲೆಯ ಮೇಲೆ ಕೆಂಪು ಪೆನ್ನಿನಿಂದ ಒಂದೇ ಒಂದು ತೆಳು ಗೆರೆ. ಓದಲು ಕಾಣುತ್ತದೆ, ಆದರೆ ಬಳಸಲು ಕೈ ಹೋಗುವುದಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಆ ಗೆರೆಗಳು ಮೆಟ್ಟಿಲಿನ ಹಾಗೆ ಕೆಳಗಿಳಿಯುತ್ತವೆ. ನಾನೂ ಈಗ ಬೋರ್ಡಿನ ಮೇಲೆ ಹಾಗೇ ಮಾಡುತ್ತೇನೆ.

## ಹಂತ 5: ಉಳಿದ ಸುತ್ತುಗಳು

ಅದೇ ಕ್ರಮ, 1, 2, 3, 4. ಕ್ರಮವನ್ನು ನಡುವೆ ಬದಲಿಸಬೇಡಿ. ಕೊನೆಯ ಕಾಲಂ ನೋಡಿ, ಅದರಲ್ಲಿ ಆ ಸುತ್ತಿನಲ್ಲಿ ನಾಲ್ಕೂ ನೋಡ್‌ಗಳ ಪೈಕಿ ಅತಿ ಹೆಚ್ಚು ಬದಲಾದದ್ದು ಎಷ್ಟು ಅಂತ ಬರೆಯಬೇಕು. ಈ ಕಾಲಂ ಇಲ್ಲದ ಉತ್ತರವನ್ನು ನಾನು ಓದುವುದೇ ಇಲ್ಲ.

| ಸುತ್ತು | T1 | T2 | T3 | T4 | ಅತಿ ಹೆಚ್ಚು ಬದಲಾವಣೆ |
|---|---|---|---|---|---|
| 0 | 200 | 200 | 200 | 200 | – |
| 1 | 250 | 222.5 | 187.5 | 137.5 | 62.5 |
| 2 | 252.5 | 207.5 | 172.5 | 130 | 15 |
| 3 | 245 | 203.75 | 168.75 | 128.13 | 7.5 |
| 4 | 243.13 | 202.81 | 167.81 | 127.66 | 1.88 |
| 5 | 242.66 | 202.58 | 167.58 | 127.54 | 0.47 |

ಎರಡನೇ ಸುತ್ತಿನ ಒಂದು ಲೆಕ್ಕ ಬಿಡಿಸಿ ತೋರಿಸುತ್ತೇನೆ, ಉಳಿದವನ್ನು ನೀವೇ ಮಾಡಿ ಹೊಂದಿಸಿ ನೋಡಿ. T1 = 150 + (222.5 + 187.5)/4 = 252.5. T2 = 110 + (252.5 + 137.5)/4 = 207.5.

## ಹಂತ 6: ನಿಲ್ಲಿಸುವುದು ಯಾವಾಗ

ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಒಂದು ಮಿತಿ ಕೊಟ್ಟಿರುತ್ತಾರೆ. 0.5°C ಅಂದುಕೊಳ್ಳೋಣ. ಐದನೇ ಸುತ್ತಿನಲ್ಲಿ ಅತಿ ಹೆಚ್ಚು ಬದಲಾವಣೆ 0.47, ನಾಲ್ಕೂ ನೋಡ್ ಮಿತಿಯ ಒಳಗೆ ಬಂದವು. ಇಲ್ಲಿಗೆ ನಿಲ್ಲಿಸಬಹುದು.

ಈಗ ತಪ್ಪುಗಳಿಗೆ ಬರೋಣ.

ಮೊದಲನೆಯದು, ಒಂದೇ ನೋಡ್ ನೋಡಿ ನಿಲ್ಲಿಸುವುದು. ಟೇಬಲ್‌ನಲ್ಲಿ T1 ಕಾಲಂ ಮಾತ್ರ ಓದಿ. 250 ಇದ್ದದ್ದು ಎರಡನೇ ಸುತ್ತಿಗೆ 252.5 ಆಯಿತು, ಬದಲಾವಣೆ ಬರೀ 2.5. "ಒಂದು ಪರ್ಸೆಂಟ್ ಸರ್, ಮುಗೀತು" ಅಂತ ಪೆನ್ನು ಇಟ್ಟವರನ್ನು ನೋಡಿದ್ದೇನೆ. ಆದರೆ ಅದೇ ಸುತ್ತಿನಲ್ಲಿ T2, T3 ಎರಡೂ 15 ಡಿಗ್ರಿ ಇಳಿದಿವೆ. ಆ ಇಳಿತ T1ಗೆ ತಲುಪುವುದು ಮುಂದಿನ ಸುತ್ತಿಗೆ, ಆಗ ಅದು 7.5 ಡಿಗ್ರಿ ಬೀಳುತ್ತದೆ. ನಿಜ ಹೇಳಬೇಕೆಂದರೆ ಎರಡನೇ ಸುತ್ತಿನಲ್ಲಿ T1 ಸರಿ ಉತ್ತರದಿಂದ ಪೂರ್ತಿ 10 ಡಿಗ್ರಿ ದೂರ ಇತ್ತು. ಪಕ್ಕದವರು ಓಡಾಡುತ್ತಿರುವಾಗ ನೀನೊಬ್ಬ ನಿಂತರೆ ಅದು ನಿಂತ ಹಾಗಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಬದಲಾವಣೆ 0.47 ಅಂದರೆ ಉತ್ತರದಲ್ಲಿ ಉಳಿದ ತಪ್ಪೂ 0.47 ಅಂತ ಅಲ್ಲ. ಬದಲಾವಣೆ ಅಂದರೆ ಈ ಸುತ್ತಿನಲ್ಲಿ ಇಟ್ಟ ಹೆಜ್ಜೆ. ಊರು ಇನ್ನೂ ಎಷ್ಟು ದೂರ ಅನ್ನುವುದು ಬೇರೆ ಮಾತು. ಅದನ್ನು ಅಳೆಯಲು ಹೆಜ್ಜೆಗಳು ಯಾವ ಪ್ರಮಾಣದಲ್ಲಿ ಚಿಕ್ಕದಾಗುತ್ತಿವೆ ಅಂತ ನೋಡಬೇಕು.

T2 ಕಾಲಂ ತೆಗೆದುಕೊಳ್ಳಿ. ಎರಡನೇ ಸುತ್ತಿನಲ್ಲಿ 15 ಇಳಿಯಿತು, ಮೂರನೇದರಲ್ಲಿ 3.75, ನಾಲ್ಕನೇದರಲ್ಲಿ 0.94, ಐದನೇದರಲ್ಲಿ 0.23. ಪ್ರತಿ ಸಲ ಕಾಲು ಪಾಲು. ಈ 0.25 ಅನ್ನು q ಅನ್ನೋಣ. ಮುಂದಿನ ಹೆಜ್ಜೆಗಳೂ ಹೀಗೇ ಕಾಲು, ಕಾಲಿನ ಕಾಲು ಅಂತ ಹೋಗುತ್ತವೆ. ಅವನ್ನೆಲ್ಲ ಕೂಡಿದರೆ ಉಳಿದ ದೂರ ಸಿಗುತ್ತದೆ.

```
ಉಳಿದ ತಪ್ಪು ≈ ಕೊನೆಯ ಬದಲಾವಣೆ × q / (1 − q)
          ≈ 0.47 × 0.25 / 0.75 ≈ 0.16
```

T1 ಇನ್ನೂ ಸುಮಾರು 0.16 ಇಳಿಯಬೇಕು, ಅಂದರೆ 242.66 ಹೋಗಿ 242.5ರ ಹತ್ತಿರ. ನಾಲ್ಕೂ ಸಮೀಕರಣವನ್ನು ನೇರವಾಗಿ ಬಿಡಿಸಿದರೆ ಬರುವ ಉತ್ತರ 242.5, 202.5, 167.5, 127.5. ಸರಿಯಾಗಿ ಹೊಂದಿತು, ಅಲ್ವಾ?

ಈ q ನಿಮ್ಮ ಲೆಕ್ಕದ ನಾಡಿ ಇದ್ದ ಹಾಗೆ. ಎಲ್ಲ ಅಂಚಿನ ತಾಪಮಾನ ಗೊತ್ತಿರುವ ಈ ನಾಲ್ಕು ನೋಡ್‌ನ ಗ್ರಿಡ್‌ಗೆ ಗಾಸ್-ಸೈಡೆಲ್‌ನಲ್ಲಿ q ಯಾವಾಗಲೂ 0.25ಕ್ಕೆ ಬಂದು ನಿಲ್ಲುತ್ತದೆ, ಅಂಚಿನ ತಾಪಮಾನ ಏನೇ ಇರಲಿ. ಮೊದಲ ಎರಡು ಸುತ್ತು ಬಿಟ್ಟು ಆಮೇಲಿಂದ ನೋಡಿ. ಕಾಲು ಪಾಲಿನ ಬದಲು ಅರ್ಧ ಅರ್ಧ ಕಡಿಮೆಯಾಗುತ್ತಿದ್ದರೆ, ಉದಾಹರಣೆಗೆ 3.75, 1.88, 0.94 ಅಂತ, ನೀವು ಗೊತ್ತಿಲ್ಲದೆ ಹಳೆಯ ಬೆಲೆ ಬಳಸುತ್ತಿದ್ದೀರಿ. ಅದು ಯಾಕೋಬಿಯ ನಡಿಗೆ. ಯಾವ ಕ್ರಮವೂ ಇಲ್ಲದೆ ಬದಲಾವಣೆ ಏರಿಳಿಯುತ್ತಿದ್ದರೆ ಯಾವುದೋ ಸುತ್ತಿನಲ್ಲಿ ಕೂಡಿಸುವಾಗ ತಪ್ಪಿದೆ. ಒಂದು ಸುತ್ತು ಹೆಚ್ಚಿಗೆ ಹಾಕಿ, ಹಿಂದಕ್ಕೆ ಹೋಗಿ ಎಲ್ಲ ಹೊಡೆದುಹಾಕಬೇಡಿ.

ಗ್ರಿಡ್ ಸಣ್ಣದಾದಷ್ಟೂ ಈ q 1ರ ಹತ್ತಿರ ಹೋಗುತ್ತದೆ. ಪ್ಲೇಟಿನ ಪ್ರತಿ ಅಂಚನ್ನು 3ರ ಬದಲು 10 ಭಾಗ ಮಾಡಿದರೆ ಒಳಗೆ 81 ನೋಡ್, q ಸುಮಾರು 0.905. ಆಗ ಉಳಿದ ತಪ್ಪು ಕೊನೆಯ ಬದಲಾವಣೆಯ 9.5 ಪಟ್ಟು. 20 ಭಾಗ ಮಾಡಿದರೆ ಸುಮಾರು 40 ಪಟ್ಟು. ಅಂದರೆ ಕಂಪ್ಯೂಟರಿನಲ್ಲಿ ಬದಲಾವಣೆ 0.01 ಆಯಿತು ಅಂತ ನಿಲ್ಲಿಸಿದರೂ ಉತ್ತರ 0.4 ಡಿಗ್ರಿ ತಪ್ಪಿರಬಹುದು. ತೋರಣಗಲ್ಲು ಕಡೆ ಶಿಫ್ಟ್ ಕೆಲಸ ಮಾಡುತ್ತ ಓದುವ ಒಬ್ಬ ಹುಡುಗ ಇದನ್ನು ಕೇಳಿ "ಹಂಗಾದ್ರೆ ನನ್ನ ಪ್ರಾಜೆಕ್ಟಿನ ಪ್ರೋಗ್ರಾಂ ಬೇಗ ನಿಂತುಬಿಡ್ತಿತ್ತು ಸರ್" ಅಂದ. ಹೌದು, ನಿಂತುಬಿಡುತ್ತಿತ್ತು.

## ಹಂತ 7: ನಿಂತ ಮೇಲೆ ಮೂರು ತಾಳೆ

ಬದಲಾವಣೆ ಕಡಿಮೆಯಾದದ್ದು ಲೆಕ್ಕ ನಿಂತಿದೆ ಅಂತ ಮಾತ್ರ ಹೇಳುತ್ತದೆ, ಸರಿಯಾದ ಜಾಗದಲ್ಲಿ ನಿಂತಿದೆ ಅಂತ ಹೇಳುವುದಿಲ್ಲ. ಅದಕ್ಕೆ ತಾಳೆ ಬೇಕು.

ಒಂದು: ಚಿತ್ರಕ್ಕೆ ವಾಪಸ್ ಹಾಕಿ. 150, 110 ಅಂತ ಚಿಕ್ಕದು ಮಾಡಿಕೊಂಡ ಸಮೀಕರಣಕ್ಕೆ ಹಾಕಬೇಡಿ, ತಪ್ಪು ಅದರಲ್ಲೇ ಇದ್ದರೆ ಅದೇ ತಪ್ಪು ಮತ್ತೆ ಸರಿ ಅನ್ನಿಸುತ್ತದೆ. ಚಿತ್ರ ನೋಡಿ ನಾಲ್ಕೂ ಪಕ್ಕವನ್ನು ಹೊಸದಾಗಿ ಕೂಡಿ. 1ನೇ ನೋಡ್‌ಗೆ 400 + 200 + 202.58 + 167.58 = 970.16, ನಾಲ್ಕರಿಂದ ಭಾಗಿಸಿದರೆ 242.54. ನಮ್ಮಲ್ಲಿ ಇರುವುದು 242.66. ವ್ಯತ್ಯಾಸ 0.12, ನಡೆಯುತ್ತದೆ.

ಎರಡು: ಸರಾಸರಿ. ಇದು ಈ ನಾಲ್ಕು ನೋಡ್‌ನ ಲೆಕ್ಕಕ್ಕೆ ಮಾತ್ರ ಸಿಗುವ ಅನುಕೂಲ. ನಾಲ್ಕು ಅಂಚುಗಳ ಸರಾಸರಿಯೂ ನಾಲ್ಕು ನೋಡ್‌ಗಳ ಸರಾಸರಿಯೂ ಒಂದೇ ಆಗಿರಬೇಕು. ಅಂಚುಗಳದು (400 + 200 + 100 + 40)/4 = 185. ನಮ್ಮ ನೋಡ್‌ಗಳದು 740.36/4 = 185.09. ಸೈ.

ಹತ್ತು ಸೆಕೆಂಡಿನ ಈ ತಾಳೆ ಒಂದು ಹುಡುಗನ ಉತ್ತರದಲ್ಲಿದ್ದ ವಿಚಿತ್ರ ತಪ್ಪನ್ನು ಹಿಡಿಯಿತು. ಅವನು ಪ್ರತಿ ಬೆಲೆಯನ್ನೂ ಪೂರ್ಣಾಂಕಕ್ಕೆ ತಂದು ಬರೆಯುತ್ತಿದ್ದ, ದಶಮಾಂಶ ಅಂದರೆ ಅವನಿಗೆ ಬೇಜಾರು. ಮೂರನೇ ಸುತ್ತಿಗೆ 245, 204, 169, 128. ನಾಲ್ಕನೇದಕ್ಕೆ 243, 203, 168, 128. ಐದನೇದಕ್ಕೂ 243, 203, 168, 128. ಬದಲಾವಣೆ ಸೊನ್ನೆ! ಇದಕ್ಕಿಂತ ಒಳ್ಳೆ ಕನ್ವರ್ಜೆನ್ಸ್ ಇನ್ನೇನು ಬೇಕು ಅಂತ ಅವನ ವಾದ. ಆದರೆ ಸರಾಸರಿ 185.5. ನಾಲ್ಕೂ ಬೆಲೆ ಅರ್ಧ ಡಿಗ್ರಿ ಮೇಲೆ ಸಿಕ್ಕಿಹಾಕಿಕೊಂಡಿವೆ, ಇನ್ನು ನೂರು ಸುತ್ತು ಹಾಕಿದರೂ ಅಲ್ಲಿಂದ ಕದಲುವುದಿಲ್ಲ, ಯಾಕೆಂದರೆ ಪ್ರತಿ ಸಲ ಇಳಿಯುವ ಕಾಲು ಡಿಗ್ರಿಯನ್ನು ಪೂರ್ಣಾಂಕ ಮಾಡುವಾಗ ಅವನೇ ವಾಪಸ್ ಏರಿಸುತ್ತಿದ್ದಾನೆ. ಬದಲಾವಣೆ ನಿಧಾನವಾಗಿ ಕಾಲು ಕಾಲು ಇಳಿಯದೆ ಥಟ್ಟನೆ ಸೊನ್ನೆಗೆ ಬಂದರೆ ಸಂತೋಷಪಡಬೇಡಿ, ಅನುಮಾನಪಡಿ.

ಮೂರು: ಶಾಖದ ಜಮಾ-ಖರ್ಚು. ಇದು ಯಾವ ಗ್ರಿಡ್‌ಗೂ ನಡೆಯುತ್ತದೆ, ಹಾಗಾಗಿ ಇದನ್ನೇ ರೂಢಿ ಮಾಡಿಕೊಳ್ಳಿ. ಒಳಗೆ ಬಂದ ಶಾಖವೆಲ್ಲ ಹೊರಗೆ ಹೋಗಲೇಬೇಕು. ಪ್ರತಿ ಅಂಚಿನಿಂದ ಅದರ ಪಕ್ಕದ ನೋಡ್‌ಗೆ ಇರುವ ತಾಪಮಾನದ ವ್ಯತ್ಯಾಸ ಕೂಡುತ್ತಾ ಹೋಗಿ. ವಾಹಕತೆ, ದಪ್ಪ ಎಲ್ಲದಕ್ಕೂ ಒಂದೇ ಆದ್ದರಿಂದ ಅವನ್ನು ಗುಣಿಸುವ ಅಗತ್ಯ ಇಲ್ಲ.

```
ಮೇಲೆ : (400 − 242.66) + (400 − 202.58) = +354.76
ಎಡ   : (200 − 242.66) + (200 − 167.58) =  −10.24
ಕೆಳಗೆ : (100 − 167.58) + (100 − 127.54) =  −95.12
ಬಲ   : ( 40 − 202.58) + ( 40 − 127.54) = −250.12
ಒಟ್ಟು :                                     −0.72
```

ಒಳಬಂದ 355ರಲ್ಲಿ 0.72 ಹೊಂದುತ್ತಿಲ್ಲ. ಶೇಕಡಾ 0.2. ಪರವಾಗಿಲ್ಲ. ಎಡ ಅಂಚಿನ ಸಾಲು ಸ್ವಲ್ಪ ನೋಡಿ. 200 ಡಿಗ್ರಿ ಬಿಸಿ ಇರುವ ಅಂಚು, ಶಾಖ ಕೊಡುತ್ತದೆ ಅಂತ ಅನ್ನಿಸುತ್ತದೆ. ಆದರೆ ಮೇಲ್ಭಾಗದಲ್ಲಿ ಪಕ್ಕದ ನೋಡ್ ಅದಕ್ಕಿಂತ ಬಿಸಿ, ಹಾಗಾಗಿ ಅಲ್ಲಿ ಶಾಖ ಅಂಚಿನ ಕಡೆಗೇ ಹರಿಯುತ್ತದೆ. ಒಟ್ಟಿನಲ್ಲಿ ಎಡ ಅಂಚು ಶಾಖವನ್ನು ಹೊರಗೆ ಒಯ್ಯುತ್ತಿದೆ. ಚಿಹ್ನೆ ತಪ್ಪು ಮಾಡುವವರು ಇಲ್ಲೇ ಮಾಡುತ್ತಾರೆ, ಅಂಚು ಕಳೆ ನೋಡ್ ಅನ್ನುವ ಕ್ರಮವನ್ನು ಎಲ್ಲ ಸಾಲಿಗೂ ಹಾಗೇ ಇಟ್ಟುಕೊಳ್ಳಿ.

## ಎಷ್ಟು ದಶಮಾಂಶದವರೆಗೆ ಹೋಗಬೇಕು?

ಕೆಲವರು ಹನ್ನೆರಡು ಸುತ್ತು ಹಾಕಿ 242.5000 ಅಂತ ಬರೆದು ತರುತ್ತಾರೆ. ಶ್ರಮಕ್ಕೆ ಬೆಲೆ ಇದೆ, ಆದರೆ ಆ ದಶಮಾಂಶಕ್ಕೆ ಇಲ್ಲ. ಈ ಪ್ಲೇಟನ್ನು ಗ್ರಿಡ್ ಇಲ್ಲದೆ ಫೂರಿಯರ್ ಶ್ರೇಣಿಯಿಂದ ಬಿಡಿಸಿದರೆ 1ನೇ ನೋಡ್ ಇರುವ ಜಾಗದ ತಾಪಮಾನ ಸುಮಾರು 245.1 ಬರುತ್ತದೆ. 4ನೇದರ ಜಾಗದಲ್ಲಿ 124.9. ಅಂದರೆ ಗಾಸ್-ಸೈಡೆಲ್ ಎಷ್ಟೇ ಚೆನ್ನಾಗಿ ಮಾಡಿದರೂ ನಾಲ್ಕೇ ನೋಡ್ ಇಟ್ಟ ಕಾರಣಕ್ಕೆ 2.6 ಡಿಗ್ರಿ ತಪ್ಪು ಉಳಿದೇ ಉಳಿಯುತ್ತದೆ. ಅದು ಗ್ರಿಡ್ಡಿನ ತಪ್ಪು, ಸುತ್ತು ಹಾಕಿ ಕಳೆಯುವಂಥದ್ದಲ್ಲ. ಕಳೆಯಬೇಕಾದರೆ ಗೆರೆಗಳನ್ನು ಇನ್ನೂ ಹತ್ತಿರ ಎಳೆಯಬೇಕು.

ಹಾಗಾಗಿ ಇಲ್ಲಿ 0.5ರ ಮಿತಿ ಸಾಕು. ಉತ್ತರವನ್ನು 242.7, 202.6, 167.6, 127.5°C ಅಂತ ಒಂದು ದಶಮಾಂಶಕ್ಕೆ ಬರೆದು, ಪಕ್ಕದಲ್ಲಿ 'ಐದು ಸುತ್ತು, ಅತಿ ಹೆಚ್ಚು ಬದಲಾವಣೆ 0.47°C' ಅಂತ ಸೇರಿಸಿ.

## ಅಂಚಿನಲ್ಲಿ ಗಾಳಿ ಬೀಸುತ್ತಿದ್ದರೆ

ಪ್ರಶ್ನೆ ಇನ್ನೊಂದು ಚೂರು ಗಟ್ಟಿ ಮಾಡಬೇಕು ಅನ್ನಿಸಿದಾಗ ಬಲ ಅಂಚು 40°C ಇದೆ ಅನ್ನುವ ಬದಲು ಬಲ ಅಂಚಿಗೆ 40°Cಯ ಗಾಳಿ ತಾಗುತ್ತಿದೆ ಅಂತ ಬದಲಿಸುತ್ತಾರೆ. ಓದಲು ಎರಡೂ ಒಂದೇ ಥರ ಕಾಣುತ್ತವೆ, ಲೆಕ್ಕ ಬೇರೆ. ಈಗ ಅಂಚಿನ ತಾಪಮಾನ ಗೊತ್ತಿಲ್ಲ, ಆದ್ದರಿಂದ ಅಂಚಿನ ಮೇಲೇ ಎರಡು ಹೊಸ ನೋಡ್ ಬರುತ್ತವೆ, T2ರ ಪಕ್ಕ T5, T4ರ ಪಕ್ಕ T6. T2, T4ರ ಸಮೀಕರಣದಲ್ಲಿ 40 ಇದ್ದ ಕಡೆ ಇವು ಬಂದು ಕೂರುತ್ತವೆ. ಆಗ 110, 35 ಅನ್ನುವ ಹಳೆ ಸಂಖ್ಯೆಗಳೂ 100, 25 ಆಗುತ್ತವೆ, ಅದನ್ನು ಬದಲಿಸಲು ಮರೆಯುವವರೇ ಜಾಸ್ತಿ.

ಅಂಚಿನ ನೋಡ್‌ನದು ಅರ್ಧ ಕೋಣೆ. ಒಳಗಿನಿಂದ ಶಾಖ ಪೂರ್ತಿ ಅಗಲದಲ್ಲಿ ಬರುತ್ತದೆ, ಮೇಲೆ ಕೆಳಗಿನಿಂದ ಅರ್ಧ ಅಗಲದಲ್ಲಿ. ಅದಕ್ಕೇ ಒಳಗಿನ ನೋಡ್‌ಗೆ 2 ಸಿಗುತ್ತದೆ. ಗಾಳಿಯ ಪಾಲು hΔx/k ಇಂದ ಬರುತ್ತದೆ. ಉಕ್ಕಿನ ಪ್ಲೇಟ್‌ಗೆ k = 50 W/mK, ಫ್ಯಾನ್ ಗಾಳಿಗೆ h = 50 W/m²K ಅಂತ ಕೊಟ್ಟಿದ್ದರೆ, Δx = 0.1 ಮೀಟರ್ ಆದ್ದರಿಂದ ಆ ಪಾಲು 0.1.

```
T5 = (2*T2 + 400 + T6 + 2*0.1*40) / (4 + 2*0.1)
   = (2*T2 + T6 + 408) / 4.2
T6 = (2*T4 + T5 + 100 + 2*0.1*40) / 4.2
   = (2*T4 + T5 + 108) / 4.2
```

ಇಲ್ಲಿ ಮೂಲೆ ಮತ್ತೆ ತಲೆ ಎತ್ತುತ್ತದೆ, T5ರ ಮೇಲಿನ ಪಕ್ಕ ಅದೇ. ಮೇಲಿನ ಅಂಚಿನ ಪಾಲಿಗೆ ಬಿಟ್ಟು 400 ಅಂತ ತೆಗೆದುಕೊಂಡಿದ್ದೇನೆ, ಹಾಗಂತ ಉತ್ತರದಲ್ಲಿ ಒಂದು ಸಾಲು ಬರೆಯಿರಿ.

ಸಮೀಕರಣ ಸರಿ ಇದೆಯಾ ಅಂತ ಸುತ್ತು ಶುರುಮಾಡುವ ಮೊದಲೇ ನೋಡುವ ದಾರಿ ಇದೆ. ಗಾಳಿಯೂ ಸೇರಿ ಎಲ್ಲ 100 ಡಿಗ್ರಿ ಅಂತ ಇಟ್ಟು ನೋಡಿ, ಉತ್ತರವೂ 100 ಬರಬೇಕು. 200 + 100 + 100 + 20 = 420, 4.2ರಿಂದ ಭಾಗಿಸಿದರೆ 100. ಛೇದದಲ್ಲಿ ಬರೀ 4 ಬರೆದವರಿಗೆ 105 ಬರುತ್ತದೆ, ಅಲ್ಲೇ ಸಿಕ್ಕಿಬೀಳುತ್ತಾರೆ.

ಯೂನಿಟ್ಟಿನ ತಪ್ಪನ್ನು ಈ ಪರೀಕ್ಷೆ ಹಿಡಿಯುವುದಿಲ್ಲ. Δx ಅನ್ನು ಮಿಲಿಮೀಟರಿನಲ್ಲೇ ಬಿಟ್ಟು 50 × 100/50 = 100 ಅಂತ ಹಾಕಿದರೂ ಸಮೀಕರಣ 100ಕ್ಕೆ 100 ಕೊಡುತ್ತದೆ. ಅದು ಗೊತ್ತಾಗುವುದು ಸುತ್ತು ಹಾಕುವಾಗ. T5, T6 ಎರಡೂ ಮೊದಲ ಸುತ್ತಿನಿಂದಲೇ ಗಾಳಿಯ 40 ಡಿಗ್ರಿಗೆ ಅಂಟಿಕೊಂಡು, ಪಕ್ಕದ ನೋಡ್ ಎಷ್ಟೇ ಬಿಸಿಯಾದರೂ ನಾಲ್ಕೈದು ಡಿಗ್ರಿಗಿಂತ ಮೇಲೇಳದಿದ್ದರೆ h, k ಬಿಟ್ಟು ಮೊದಲು Δx ನೋಡಿ.